ಎಜುಕೇಶನ್ ಲೋನ್ ಕಂತು ಮೂರು ಬಾಕಿ, ಸಂಬಳ 16,000: ಸೆಟಲ್‌ಮೆಂಟ್ ಕೇಳೋದಾ, ಅವಧಿ ಹೆಚ್ಚಿಸಿಕೊಳ್ಳೋದಾ?

ಮೆಕ್ಯಾನಿಕಲ್ 24 (ಪ್ರಶ್ನೆ):
ಊರು ಚನ್ನರಾಯಪಟ್ಟಣದ ಹತ್ತಿರ. 2024ರಲ್ಲಿ ಬಿಇ ಮುಗಿಸಿದೆ. ಸರ್ಕಾರಿ ಬ್ಯಾಂಕಿನಲ್ಲಿ ನಾಲ್ಕು ವರ್ಷದಲ್ಲಿ ತಗೊಂಡ ಸಾಲ ಸುಮಾರು 5.2 ಲಕ್ಷ, ಬಡ್ಡಿ ಸೇರಿ ಈಗ 7 ಲಕ್ಷ ಆಗಿದೆ. ಬಡ್ಡಿ 10.5%. ಏಳು ವರ್ಷಕ್ಕೆ ತಿಂಗಳ ಕಂತು 11,800 ಹಾಕಿದ್ದಾರೆ. ಪೀಣ್ಯದಲ್ಲಿ ಕೆಲಸ, ಕೈಗೆ ಬರೋದು 16,000. ಜೂನ್ 5ರಿಂದ ಕಂತು ಶುರುವಾಯ್ತು, ಜೂನ್, ಜುಲೈ, ಆಗಸ್ಟ್ ಮೂರೂ ಕಟ್ಟಿಲ್ಲ. ಅಪ್ಪ ಜಂಟಿ ಸಾಲಗಾರರು, ಅವರ ಬೆಳೆ ಸಾಲವೂ ಅದೇ ಶಾಖೆಯಲ್ಲಿದೆ. ಇವತ್ತು ಆಗಸ್ಟ್ 10, ನನ್ನ ಹತ್ತಿರ ಇರೋದು 12,000. ಏನು ಮಾಡಲಿ?

ಗೌಡ್ರ ಹುಡುಗ:
ತಲೆ ಕೆಡಿಸ್ಕೋಬೇಡ ಗುರು. 7.5 ಲಕ್ಷದ ಒಳಗಿನ ಸಾಲಕ್ಕೆ ಕೇಂದ್ರ ಸರ್ಕಾರದ ಗ್ಯಾರಂಟಿ ಇದೆ. ನೀನು ಕಟ್ಟದಿದ್ರೆ ಬ್ಯಾಂಕ್ ಅಲ್ಲಿಂದ ವಸೂಲಿ ಮಾಡ್ಕೊಳ್ಳುತ್ತೆ. ಮನೆ, ಜಮೀನು ಏನೂ ಅಡ ಇಟ್ಟಿಲ್ಲ ತಾನೇ? ಇನ್ನು ಸಿಬಿಲ್ ವಿಷಯ. ಎಜುಕೇಶನ್ ಲೋನ್‌ಗೆ ಸಿಬಿಲ್ ನೋಡಬಾರದು ಅಂತ ಕೇರಳ ಹೈಕೋರ್ಟೇ ಹೇಳಿದೆ.

ಸುಮಾ ಬಿ:
ದಯವಿಟ್ಟು ಆ ಮಾತು ಕೇಳಬೇಡಿ. ನನ್ನ ತಮ್ಮನದು ಇದೇ ಥರದ ಸಾಲ, 4.2 ಲಕ್ಷ ಬಾಕಿ ಇತ್ತು. ಕಟ್ಟೋಕಾಗದೆ ಎನ್‌ಪಿಎ, ಅಂದ್ರೆ ಬ್ಯಾಂಕಿನ ಲೆಕ್ಕದಲ್ಲಿ ಸುಸ್ತಿ ಸಾಲ ಆಗಿ, 2019ರಲ್ಲಿ ಲೋಕ ಅದಾಲತ್‌ನಲ್ಲಿ ಎರಡೂವರೆ ಲಕ್ಷಕ್ಕೆ ಮುಗಿಸಿದ್ವಿ. ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟಿದ್ದು. ಹೋದ ವರ್ಷ ಅವನು ಮನೆ ಸಾಲಕ್ಕೆ ಹೋದ. ರಿಪೋರ್ಟ್ ತೆಗೆದು ತೋರಿಸಿದ್ರು, ಆ ಖಾತೆಯ ಮುಂದೆ "ಸೆಟಲ್ಡ್" ಅಂತ ಇದೆ. ಮುಗಿದ ಸಾಲ ಅಂತ ನಾವು ಅಂದುಕೊಂಡಿದ್ದು ಅವರ ಕಣ್ಣಿಗೆ ಪೂರ್ತಿ ಕಟ್ಟದೆ ಬಿಟ್ಟ ಸಾಲ. ಉಳಿದ ಹಣ ಹಳೇ ಬ್ಯಾಂಕಿಗೆ ಕಟ್ಟಿ, ಬಾಕಿ ಇಲ್ಲ ಅನ್ನೋ ಪತ್ರ ತಂದು, ರಿಪೋರ್ಟ್‌ನಲ್ಲಿ "ಕ್ಲೋಸ್ಡ್" ಮಾಡಿಸಿಕೊಂಡು ಬನ್ನಿ ಅಂದ್ರು. ನಮ್ಮ ತಂದೆ ಸಹಿ ಹಾಕಿದ್ದಕ್ಕೆ ಅವರ ರಿಪೋರ್ಟ್‌ನಲ್ಲೂ ಅದೇ ಗುರುತು.

ಧಾರವಾಡದಾಂವ:
ಬಡ್ಡಿ ಸಬ್ಸಿಡಿಗೆ ಅರ್ಜಿ ಹಾಕ್ರಿ. ಮನಿ ಆದಾಯ ನಾಲ್ಕೂವರೆ ಲಕ್ಷದ ಒಳಗ ಇದ್ರ ಬಡ್ಡಿ ಎಲ್ಲಾ ಸರ್ಕಾರನ ಕಟ್ಟತೈತಿ. ನನ್ನ ತಂಗೀಗೂ ಸಾಲ ತಗೋಬೇಕಂತ ಮಾಡೀವಿ, ಅದಕ್ಕ ವಿಚಾರಿಸಿದ್ದೆ.

ಶ್ರೀಪಾದ (ಬ್ಯಾಂಕಿನಿಂದ ನಿವೃತ್ತ):
ಸಾಲ ವಿಭಾಗದಲ್ಲೇ ಹೆಚ್ಚು ಕಾಲ ಕೆಲಸ ಮಾಡಿದವನು ನಾನು. ಗೌಡ್ರ ಹುಡುಗರು ಹೇಳಿದ್ದರಲ್ಲಿ ಗ್ಯಾರಂಟಿ ಇರೋದು ನಿಜ, ಆದರೆ ಅದು ಬ್ಯಾಂಕಿಗೆ ಇರೋ ರಕ್ಷಣೆ. ಸುಸ್ತಿಯಾದ ಮೊತ್ತದಲ್ಲಿ ಶೇ. 75ರಷ್ಟು ಬ್ಯಾಂಕಿಗೆ ಸಿಗುತ್ತೆ. ಕ್ಲೇಮ್ ಬಂದ ಮೇಲೂ ಬ್ಯಾಂಕ್ ನಿಮ್ಮಿಂದ ವಸೂಲಿ ಮಾಡುತ್ತಲೇ ಇರಬೇಕು. ನಿಮ್ಮ ಸಾಲದಲ್ಲಿ ಒಂದು ರೂಪಾಯಿಯೂ ಕಡಿಮೆ ಆಗೋದಿಲ್ಲ. 2023ರ ಕೇರಳ ಹೈಕೋರ್ಟ್ ತೀರ್ಪು ಹೊಸದಾಗಿ ಸಾಲ ಕೇಳಿದ ವಿದ್ಯಾರ್ಥಿಯದು, ಸ್ಕೋರ್ ಕಡಿಮೆ ಅನ್ನೋ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ. ಕಟ್ಟದ ಕಂತು ರಿಪೋರ್ಟ್‌ಗೆ ಹೋಗಬಾರದು ಅಂತ ಅದು ಹೇಳಿಲ್ಲ.

ಧಾರವಾಡದವರು ಹೇಳಿದ ಸಬ್ಸಿಡಿ ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಗೆ ಮಾತ್ರ. ಈಗಿನ ಕಂತಿಗೆ ಅದು ಬರೋದಿಲ್ಲ. ಆದರೂ ಮೆಕ್ಯಾನಿಕಲ್ 24, ನಿಮ್ಮ 5.2 ಲಕ್ಷದ ಮೇಲೆ 1.8 ಲಕ್ಷ ಬಡ್ಡಿ ಕೂತಿದೆಯಲ್ಲ, ಆದಾಯ ಪ್ರಮಾಣಪತ್ರ ಆಗ ಕೊಟ್ಟಿದ್ರಾ? ಸಾಲ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಿ ಸಬ್ಸಿಡಿ ಜಮಾ ಆಗಿದೆಯಾ ನೋಡಿ.

ಈಗ ಮುಖ್ಯ ವಿಷಯ, ತಾರೀಖು. ಜೂನ್ 5ರ ಕಂತು ಬಾಕಿ ಬಿದ್ದಲ್ಲಿಂದ 90 ದಿನ ಎಣಿಸಿದರೆ ಸೆಪ್ಟೆಂಬರ್ 3. ಅಂದು ದಿನದ ಲೆಕ್ಕ ಮುಗಿಸುವಾಗ ಖಾತೆ ಎನ್‌ಪಿಎ ಆಗುತ್ತೆ. ಆಗೋ ಮುಂಚೆ ಮತ್ತು ಆದ ಮೇಲೆ ನಿಮ್ಮ ಸ್ಥಿತಿಯೇ ಬೇರೆ. ಮುಂಚೆ ಆದರೆ ಒಂದು ಕಂತು ಕಟ್ಟಿದರೂ ದಿನಗಳ ಲೆಕ್ಕ ಹಿಂದಕ್ಕೆ ಸರಿಯುತ್ತೆ. ಆದ ಮೇಲೆ ಒಂದೆರಡು ಕಂತು ಕಟ್ಟಿದರೆ ಸಾಲದು, ಬಾಕಿ ಇರೋ ಅಸಲು, ಬಡ್ಡಿ ಪೂರ್ತಿ ಚುಕ್ತಾ ಆಗಬೇಕು. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಸ್ಪಷ್ಟ ಮಾಡಿದೆ.

ಕೈಯಲ್ಲಿರೋ 12,000ದಲ್ಲಿ ಜೂನ್ ಕಂತು ಈಗಲೇ ಕಟ್ಟಿ. ಆಗ ಹಳೇ ಬಾಕಿ ಜುಲೈ 5ರದ್ದಾಗುತ್ತೆ, ಗಡುವು ಅಕ್ಟೋಬರ್ 3ಕ್ಕೆ ಹೋಗುತ್ತೆ. ಆದರೆ ಕೌಂಟರ್‌ನಲ್ಲಿ ದುಡ್ಡು ಕೊಟ್ಟು ಬಂದುಬಿಡಬೇಡಿ. ಕೆಲವು ಕಡೆ ಮೊದಲು ದಂಡ ಶುಲ್ಕ, ಚೆಕ್ ಬೌನ್ಸ್ ಶುಲ್ಕ ಕಳೆದು ಉಳಿದಿದ್ದನ್ನು ಕಂತಿಗೆ ಹಾಕ್ತಾರೆ. ಜೂನ್ ಕಂತಿಗೆ ಇನ್ನೂರು ರೂಪಾಯಿ ಕಮ್ಮಿ ಬಿದ್ದರೂ ದಿನಗಳು ಜೂನ್ 5ರಿಂದಲೇ ಎಣಿಕೆ ಆಗ್ತಾ ಇರುತ್ತೆ. ಕಟ್ಟಿದ ಮರುದಿನ ಹೋಗಿ, "ಸರ್, ಜೂನ್ ಕಂತು ಪೂರ್ತಿ ಮುಗೀತಾ? ಈಗ ಓವರ್‌ಡ್ಯೂ ಎಷ್ಟು ದಿನ ತೋರಿಸ್ತಿದೆ?" ಅಂತ ಸ್ಕ್ರೀನ್ ನೋಡಿಸಿಯೇ ಕೇಳಿ.

ಈ ಒಂದು ತಿಂಗಳಲ್ಲಿ ಅವಧಿ ವಿಸ್ತರಣೆಗೆ ಅರ್ಜಿ ಕೊಡಿ. ಬ್ಯಾಂಕುಗಳ ಸಂಘ ಐಬಿಎ ಮಾಡಿರೋ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ತೀರಿಸುವ ಅವಧಿ 15 ವರ್ಷದವರೆಗೆ ಇದೆ. 7 ಲಕ್ಷಕ್ಕೆ ಇದೇ ಬಡ್ಡಿಯಲ್ಲಿ 15 ವರ್ಷಕ್ಕೆ ಕಂತು ಸುಮಾರು 7,740. ಒಟ್ಟು ಕಟ್ಟೋದು 9.9 ಲಕ್ಷದ ಬದಲು 13.9 ಲಕ್ಷ ಆಗುತ್ತೆ, ಅದು ಗೊತ್ತಿರಲಿ. ಬದಲಾಗುವ ಬಡ್ಡಿ ದರದ ಸಾಲಕ್ಕೆ ಅವಧಿಗೆ ಮುಂಚೆ ತೀರಿಸಿದರೆ ದಂಡ ಇಲ್ಲ, ಸಂಬಳ ಏರಿದಂತೆ ಹೆಚ್ಚು ಕಟ್ಟಬಹುದು.

ಅನಿತಾ ಕೆ:
ನಾನು ಒಂದು ಫೈನಾನ್ಸ್ ಕಂಪನಿಯಲ್ಲಿ ಸಾಲದ ಅರ್ಜಿ ಪರಿಶೀಲಿಸೋ ಕೆಲಸ ಮಾಡ್ತೀನಿ. ಶ್ರೀಪಾದ ಅವರೇ, ಲೆಕ್ಕ ಸರಿ. ಆದರೆ ಅವಧಿ ವಿಸ್ತರಣೆ ಅಷ್ಟು ಸಲೀಸಲ್ಲ. ಸಾಲಗಾರ ಕಷ್ಟದಲ್ಲಿದ್ದಾನೆ ಅಂತ ಷರತ್ತು ಬದಲಿಸಿದರೆ ಅದು ಪುನರ್‌ರಚನೆ. ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಪುನರ್‌ರಚನೆ ಮಾಡಿದ ಖಾತೆ ಸರಿಯಾಗಿದ್ದರೂ ತಕ್ಷಣ ಎನ್‌ಪಿಎ ದರ್ಜೆಗೆ ಇಳಿಯುತ್ತೆ. ರಿಪೋರ್ಟ್‌ನಲ್ಲಿ "ರಿಸ್ಟ್ರಕ್ಚರ್ಡ್" ಅಂತ ಬರುತ್ತೆ. ಕೋವಿಡ್ ಸಮಯದ 2020, 2021ರ ವಿಶೇಷ ವಿನಾಯಿತಿ ಈಗ ಇಲ್ಲ. ಎನ್‌ಪಿಎ ತಪ್ಪಿಸೋಕೆ ಹೋಗಿ ಎನ್‌ಪಿಎ ಆಗಿಸ್ಕೊಂಡ ಹಾಗೆ ಆಗಬಾರದು.

ಶ್ರೀಪಾದ (ಬ್ಯಾಂಕಿನಿಂದ ನಿವೃತ್ತ):
ಅನಿತಾ ಅವರ ಎಚ್ಚರಿಕೆ ಸರಿ, ಅದಕ್ಕೇ ಅರ್ಜಿಯ ಮಾತು ಮುಖ್ಯ. ನಿರುದ್ಯೋಗ ಅಥವಾ ಓದಿಗೆ ತಕ್ಕ ಸಂಬಳ ಇಲ್ಲದ ಅವಧಿಗೆ ಸಾಲದ ಆಯುಷ್ಯದಲ್ಲಿ ಎರಡು ಮೂರು ಬಾರಿ ಕಂತಿಗೆ ಬಿಡುವು ಕೊಡಬಹುದು ಅಂತ ಮಾದರಿ ಯೋಜನೆಯಲ್ಲೇ ಇದೆ. ಯೋಜನೆಯ ಒಳಗಿರೋ ಸೌಲಭ್ಯ ಕೇಳೋದು ಬೇರೆ, ಹೊಸದಾಗಿ ಷರತ್ತು ಬದಲಿಸಿ ಅನ್ನೋದು ಬೇರೆ. ಅರ್ಜಿಯಲ್ಲಿ ಹೀಗೆ ಬರೀರಿ: "ನಾನು ಬಿಇ ಪದವೀಧರ. ಕಡಿಮೆ ಸಂಬಳದ ಉದ್ಯೋಗದಲ್ಲಿದ್ದೇನೆ. ನಿಮ್ಮ ಶಿಕ್ಷಣ ಸಾಲ ಯೋಜನೆಯಲ್ಲಿ ಇದಕ್ಕೆ ಇರುವ ಬಿಡುವನ್ನೂ ಗರಿಷ್ಠ ಮರುಪಾವತಿ ಅವಧಿಯನ್ನೂ ಕೊಡಬೇಕು. ಈ ಬದಲಾವಣೆಯನ್ನು ಕ್ರೆಡಿಟ್ ಸಂಸ್ಥೆಗಳಿಗೆ ಯಾವ ರೀತಿ ವರದಿ ಮಾಡುತ್ತೀರಿ ಎಂದು ಲಿಖಿತವಾಗಿ ತಿಳಿಸಬೇಕು." ಕೊನೆಯ ವಾಕ್ಯ ಬಿಡಬೇಡಿ. ಉತ್ತರ ಬರೋವರೆಗೆ ಹೊಸ ಕಾಗದಕ್ಕೆ ಸಹಿ ಹಾಕಬೇಡಿ.

ಸಂಬಳದ ಚೀಟಿ, ನೇಮಕಾತಿ ಪತ್ರ, ಆರು ತಿಂಗಳ ಖಾತೆ ವಿವರ ಲಗತ್ತಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ಬಿಡುವು ಸಿಕ್ಕರೂ ಬಡ್ಡಿ ನಿಲ್ಲಲ್ಲ, ತಿಂಗಳಿಗೆ ಸುಮಾರು 6,100 ಏರ್ತಾನೇ ಇರುತ್ತೆ. ಆಗುವಷ್ಟು ತಿಂಗಳು ಅದನ್ನಾದರೂ ಕಟ್ಟಿದರೆ ಸಾಲ ಇದ್ದಲ್ಲೇ ನಿಲ್ಲುತ್ತೆ.

ಅನಿತಾ ಕೆ:
ಯೋಜನೆಯಲ್ಲಿ ಇದೆ ಅಂದರೂ ಐಬಿಎ ಮಾದರಿ ಬ್ಯಾಂಕುಗಳಿಗೆ ಮಾರ್ಗದರ್ಶನ ಅಷ್ಟೇ. ಮಂಜೂರಾತಿ ಪತ್ರದಲ್ಲಿ 84 ಕಂತು ಅಂತ ಬರೆದಿದ್ದರೆ, ಅದನ್ನು 180 ಮಾಡೋದು ಪುನರ್‌ರಚನೆ ಅಂತಲೇ ಕೆಲವು ಬ್ಯಾಂಕಿನ ಸಾಫ್ಟ್‌ವೇರ್ ಗುರುತು ಹಾಕುತ್ತೆ. ನಾನು ಅಂಥ ರಿಪೋರ್ಟ್ ನೋಡಿದ್ದೀನಿ. ಆದರೂ ಒಂದು ಮಾತು ಒಪ್ಪುತ್ತೀನಿ: ಹಳೆಯ "ರಿಸ್ಟ್ರಕ್ಚರ್ಡ್" ಗುರುತಿದ್ದು, ಆಮೇಲೆ ಎರಡು ವರ್ಷ ಒಂದೂ ಕಂತು ತಪ್ಪದಿದ್ದರೆ ನಾವು ಅರ್ಜಿ ಮುಂದಕ್ಕೆ ಕಳಿಸ್ತೀವಿ. "ಸೆಟಲ್ಡ್" ಇದ್ದರೆ ಹೆಚ್ಚಿನ ಸಲ ಅಲ್ಲಿಗೇ ನಿಲ್ಲುತ್ತೆ. ಒಪ್ಪಂದ ಮಾಡಿಕೊಂಡ ಬ್ಯಾಂಕಂತೂ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡೋ ಹಾಗಿಲ್ಲ, 2023ರ ಜೂನ್‌ನಿಂದ ಆ ನಿಯಮ ಇದೆ.

ಗೌಡ್ರ ಹುಡುಗ:
ಸರಿ, ಗ್ಯಾರಂಟಿ ವಿಷಯ ಒಪ್ಪಿದೆ. ಆದ್ರೆ 16,000 ಸಂಬಳದವನು 7,740 ಎಲ್ಲಿಂದ ತರ್ತಾನೆ? ರೂಮ್ ಬಾಡಿಗೆ, ಊಟ ಕಳೆದ್ರೆ ಏನುಳಿಯುತ್ತೆ? ಕಷ್ಟದಲ್ಲಿರೋನಿಗೆ ಸ್ಕೋರ್ ಇಟ್ಕೊಂಡು ಏನಾಗ್ಬೇಕು? ಮೂರು ವರ್ಷ ಬಿಟ್ರೆ ಕೇಸ್ ಹಾಕೋಕೂ ಆಗಲ್ಲ ಅಂತಾರೆ.

ಸುಮಾ ಬಿ:
ಸ್ಕೋರ್ ಬರೀ ಸಾಲಕ್ಕಲ್ಲ. ಈ ಹುಡುಗ ನಾಳೆ ಬ್ಯಾಂಕ್ ಪರೀಕ್ಷೆ ಬರೆದರೆ? ಸ್ಟೇಟ್ ಬ್ಯಾಂಕ್ ಒಬ್ಬರ ನೇಮಕಾತಿಯನ್ನು ಹಳೇ ಸಾಲದ ದಾಖಲೆ ನೋಡಿ ರದ್ದು ಮಾಡಿದ್ದನ್ನು ಮದ್ರಾಸ್ ಹೈಕೋರ್ಟ್ 2025ರಲ್ಲಿ ಎತ್ತಿ ಹಿಡಿದಿದೆ. ನಮ್ಮ ಕಡೆ ಬಿಇ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಕೂರೋರು ಎಷ್ಟು ಜನ ಇದ್ದಾರೆ!

ಶ್ರೀಪಾದ (ಬ್ಯಾಂಕಿನಿಂದ ನಿವೃತ್ತ):
ಮೂರು ವರ್ಷದ ಕಾಲಮಿತಿ ಇದೆ. ಆದರೆ ನಡುವೆ ಸ್ವಲ್ಪ ಹಣ ಕಟ್ಟಿದರೆ, ಬಾಕಿ ಒಪ್ಪಿ ಸಹಿ ಹಾಕಿದರೆ ಲೆಕ್ಕ ಹೊಸದಾಗಿ ಶುರು. ಬ್ಯಾಂಕುಗಳು ಅದನ್ನು ಮರೆಯೋದಿಲ್ಲ. 20 ಲಕ್ಷದ ಒಳಗಿನ ಸಾಲ, ಸಿವಿಲ್ ಕೋರ್ಟ್‌ನಲ್ಲಿ ದಾವೆ ಹಾಕ್ತಾರೆ. ಅಡಮಾನ ಇಲ್ಲದ ಕಾರಣ ಮನೆಗೆ ನೇರವಾಗಿ ಬೀಗ ಹಾಕೋಕೆ ಬರಲ್ಲ, ಅಷ್ಟು ನಿಜ.

ಮೆಕ್ಯಾನಿಕಲ್ 24:
ಎಲ್ಲರಿಗೂ ಧನ್ಯವಾದ. ಅಪ್ಪನ ಡೇರಿ ಹಾಲಿನ ದುಡ್ಡು ಅದೇ ಶಾಖೆಯ ಖಾತೆಗೆ ಬರುತ್ತೆ. ಅದನ್ನು ಹಿಡಿದುಕೊಳ್ಳಬಹುದಾ? ಬೆಳೆ ಸಾಲ ನವೀಕರಣ ನವೆಂಬರ್‌ನಲ್ಲಿದೆ. ಮ್ಯಾನೇಜರ್ ಏನೂ ಮಾಡದಿದ್ದರೆ?

ಶ್ರೀಪಾದ (ಬ್ಯಾಂಕಿನಿಂದ ನಿವೃತ್ತ):
ಅಪ್ಪನೂ ಸಾಲಗಾರರೇ ಆದ್ದರಿಂದ ಅವರ ಉಳಿತಾಯ ಖಾತೆಯ ಹಣಕ್ಕೆ ತಡೆ ಹಾಕೋ ಸಾಧ್ಯತೆ ಇದೆ. ಹಾಲಿನ ದುಡ್ಡು ನಿಂತರೆ ಹಸುವಿನ ಹಿಂಡಿಗೂ ಕಷ್ಟ ಅಂತ ಮ್ಯಾನೇಜರ್ ಎದುರು ಅಪ್ಪನೇ ಕೂತು ಹೇಳಲಿ. ಅರ್ಜಿ ಕೊಡೋ ದಿನ ಅವರನ್ನೂ ಕರ್ಕೊಂಡು ಹೋಗಿ, ಅವರ ಸಹಿ ಹೇಗೂ ಬೇಕು. ಬ್ಯಾಂಕ್ 30 ದಿನ ಉತ್ತರವೇ ಕೊಡದಿದ್ದರೆ cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಉತ್ತರ ಕೊಡದ್ದಕ್ಕೆ, ತಪ್ಪು ವರದಿಗೆ ಅದು ಉಪಯೋಗ. ಅವಧಿ ಹೆಚ್ಚಿಸಿ ಅಂತ ಅವರು ಬ್ಯಾಂಕಿಗೆ ಆದೇಶ ಮಾಡಲ್ಲ, ಅದು ಬ್ಯಾಂಕಿನ ವ್ಯಾವಹಾರಿಕ ತೀರ್ಮಾನ.

ಬೆಳೆ ಸಾಲಕ್ಕೆ ತೊಂದರೆ ಆಗಲ್ಲ ಅಂತ ನನ್ನ ಅಭಿಪ್ರಾಯ. ಅದರ ಮುಖ್ಯ ಸಾಲಗಾರ ಬೇರೆ.

ಅನಿತಾ ಕೆ:
ಅದನ್ನು ಒಪ್ಪಲ್ಲ. ಎನ್‌ಪಿಎ ಲೆಕ್ಕ ಸಾಲಗಾರನ ಮೇಲೆ, ಒಂದೊಂದು ಖಾತೆಯ ಮೇಲಲ್ಲ. ಅಪ್ಪ ಜಾಮೀನುದಾರರಲ್ಲ, ಜಂಟಿ ಸಾಲಗಾರರು. ಒಂದೇ ಗ್ರಾಹಕ ಸಂಖ್ಯೆಯ ಕೆಳಗೆ ಎರಡೂ ಸಾಲ ಜೋಡಣೆ ಆಗಿದ್ದರೆ ಬೆಳೆ ಸಾಲವೂ ಜೊತೆಗೇ ಇಳಿಯೋದನ್ನು ನೋಡಿದ್ದೀನಿ. ನಾಳೆ ಕಂತು ಕಟ್ಟೋಕೆ ಹೋದಾಗ ಅಪ್ಪನ ಗ್ರಾಹಕ ಸಂಖ್ಯೆಯಲ್ಲಿ ಯಾವ ಯಾವ ಖಾತೆ ಜೋಡಣೆ ಆಗಿದೆ ಅಂತ ಕೇಳಿ, ಉತ್ತರ ಇಲ್ಲಿ ಹಾಕಿ.

ಧಾರವಾಡದಾಂವ:
ಹಂಗಾರ ನನ್ನ ತಂಗಿ ಸಾಲಕ್ಕ ನಮ್ಮಪ್ಪನ್ನ ಬಿಟ್ಟು ಅಣ್ಣನ್ನ ಹಾಕಬಹುದೇನ್ರಿ? ಅಪ್ಪನ ಬೆಳೆ ಸಾಲ ಅದ ಬ್ಯಾಂಕಿನ್ಯಾಗ ಐತಿ.