ವರದಿಯಲ್ಲಿ ಅಚ್ಚಾದ ಪ್ಯಾರಾ ಪಿಎಸಿಯಲ್ಲಿ ಮುಗಿಯುವುದು ಯಾವಾಗ?

ಪ್ರಶ್ನೆ (ಲೀಲಾವತಿ, ಮಡಿಕೇರಿ): ನಮ್ಮ ವಿಭಾಗದ ಒಂದು ತಡೆಗೋಡೆ ಕಾಮಗಾರಿಯಲ್ಲಿ ಮಣ್ಣು ಅಗೆದದ್ದಕ್ಕೆ ಗಟ್ಟಿ ಬಂಡೆಯ ದರ ಕೊಟ್ಟು 18.40 ಲಕ್ಷ ಹೆಚ್ಚು ಪಾವತಿಯಾಗಿದೆ ಎಂದು ಸಿಎಜಿ ವರದಿಯಲ್ಲಿ ಪ್ಯಾರಾ ಬಂದಿದೆ. ಬಿಲ್ ಆದದ್ದು 2019ರ ಮಾರ್ಚ್‌ನಲ್ಲಿ. 11.20 ಲಕ್ಷ ಗುತ್ತಿಗೆದಾರರ ಬೇರೆ ಬಿಲ್ಲಿನಲ್ಲಿ ಹಿಡಿದಿದ್ದೇವೆ, ಉಳಿದದ್ದಕ್ಕೆ ಕೋರ್ಟ್ ತಡೆಯಾಜ್ಞೆ ಇದೆ. ಆದರೂ ಪ್ಯಾರಾ ಬಾಕಿ ಅಂತಲೇ ಪತ್ರ ಬರುತ್ತಿದೆ. ಏನು ಕಳಿಸಬೇಕು?

ಬೋಪಣ್ಣ, ಪೊನ್ನಂಪೇಟೆ: ಮೇಡಂ, ದಾಖಲೆ ಸಮೇತ ಎಜಿ, ಅಂದರೆ ಮಹಾಲೇಖಪಾಲರ ಕಚೇರಿಗೆ ಉತ್ತರ ಕೊಡಿ. ಅವರು ಒಪ್ಪಿದರೆ ಪ್ಯಾರಾ ಡ್ರಾಪ್ ಆಗುತ್ತದೆ. ನಮ್ಮಲ್ಲಿ ಹಾಗೇ ಎಷ್ಟೋ ಮುಗಿದಿವೆ.

ಹಮೀದ್, ಕುಶಾಲನಗರ (ಲೆಕ್ಕಪತ್ರ ಶಾಖೆ): ಬೋಪಣ್ಣ ಸರ್ ಹೇಳಿದ್ದು, ಸಿಎಜಿ ವರದಿಗೂ ಮುಂಚೆ ಕಚೇರಿಗೆ ಬರುವ ತಪಾಸಣಾ ವರದಿಯ ಪ್ಯಾರಾಗೆ ಸರಿ. ಆ ಹಂತದಲ್ಲಿ ಮಹಾಲೇಖಪಾಲರೇ ಕೈಬಿಡಬಹುದು. ವರದಿ ಸದನದಲ್ಲಿ ಮಂಡನೆಯಾದ ಮೇಲೆ ಆ ಪ್ಯಾರಾ ಪಿಎಸಿ, ಅಂದರೆ ಸದನದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯದು. ಎಜಿ ನಿಮ್ಮ ಉತ್ತರವನ್ನು ಪರಿಶೀಲಿಸಿ ಅಭಿಪ್ರಾಯ ಬರೆಯುತ್ತಾರೆ, ಮುಗಿಸುವುದು ಸಮಿತಿ.

ಆದ್ದರಿಂದ ವಿಭಾಗದಿಂದ ನೇರ ಉತ್ತರ ಹೋಗುವುದಿಲ್ಲ. ನೀವು ಕರಡು ತಯಾರಿಸಿ ಮುಖ್ಯ ಇಂಜಿನಿಯರ್ ಮೂಲಕ ಸರ್ಕಾರದ ಕಾರ್ಯದರ್ಶಿಗೆ ಕಳಿಸಬೇಕು. ಅಲ್ಲಿಂದ ಅದು ಕ್ರಮ ಕೈಗೊಂಡ ಟಿಪ್ಪಣಿಯಾಗಿ ವಿಧಾನಮಂಡಲ ಸಚಿವಾಲಯಕ್ಕೆ, ಪ್ರತಿ ಎಜಿಗೆ. ವರದಿ ಮಂಡನೆಯಾದ ದಿನದಿಂದ ಇದಕ್ಕೆ ನಾಲ್ಕು ತಿಂಗಳ ಗಡುವು. ಸಮಿತಿ ಎಲ್ಲ ಪ್ಯಾರಾಗಳನ್ನೂ ಸಭೆಯಲ್ಲಿ ಚರ್ಚಿಸುವುದಿಲ್ಲ. ಆಯ್ಕೆಯಾದರೆ ಕಾರ್ಯದರ್ಶಿ ಹಾಜರಾಗಿ ಸಾಕ್ಷ್ಯ ಹೇಳುತ್ತಾರೆ, ನಿಮ್ಮ ಕಡತ ಅವರ ಹಿಂದೆ ಇರಬೇಕು.

ಈಗ ನಿಮ್ಮ 11.20 ಲಕ್ಷ ಯಾವ ಲೆಕ್ಕಶೀರ್ಷಿಕೆಗೆ ಹೋಗಿದೆ ನೋಡಿ. ಗುತ್ತಿಗೆದಾರರು ತಕರಾರು ತೆಗೆದಾಗ ಹಿಡಿದ ಹಣವನ್ನು 8443ರ ಲೋಕೋಪಯೋಗಿ ಠೇವಣಿಯಲ್ಲಿ ಇಟ್ಟುಬಿಡುವುದು ಸಾಮಾನ್ಯ. ಅದು ಮುಂದೆ ಹಿಂದಿರುಗಿಸಬೇಕಾಗಬಹುದಾದ ಹಣ, ವಸೂಲಿ ಅಲ್ಲ. ಹಾಗಿದ್ದರೆ ‘ವಸೂಲಾಗಿದೆ’ ಎಂಬ ನಿಮ್ಮ ಮಾತನ್ನು ಎಜಿ ಒಪ್ಪುವುದಿಲ್ಲ. ಹಿಂದಿನ ವರ್ಷದ ಹೆಚ್ಚುವರಿ ಪಾವತಿಯ ವಸೂಲಿ, ಖರ್ಚು ಬಿದ್ದ ಪ್ರಧಾನ ಶೀರ್ಷಿಕೆಯ ಕೆಳಗೆ 911 ಎಂಬ ಕಿರುಶೀರ್ಷಿಕೆಗೆ ಬರಬೇಕು. ಬಿಲ್ಲಿನ ಪ್ರತಿಯ ಜೊತೆ ಖಜಾನೆ-2ರಲ್ಲಿ ಆ ಜಮೆ ಕಾಣುವ ಪುಟವನ್ನೂ ದೃಢೀಕರಿಸಿ ಇಡಿ. ಅಳತೆ ಪುಸ್ತಕದ ಪುಟ ಸಂಖ್ಯೆಯೂ ಇರಲಿ, ಏಕೆಂದರೆ 18.40 ಹೇಗೆ ಬಂತು ಎಂದು ಕೇಳುವುದು ಅಲ್ಲಿಂದಲೇ.

ಲೀಲಾವತಿ: ನೋಡಿದೆ ಸರ್, 8443ರಲ್ಲೇ ಇದೆ. ವರ್ಗಾಯಿಸಬಹುದೇ?

ಹಮೀದ್: ತಡೆಯಾಜ್ಞೆ ಈ 11.20ಕ್ಕೂ ಸೇರುತ್ತದೆಯೇ, ಉಳಿದ 7.20ಕ್ಕೆ ಮಾತ್ರವೇ, ಆದೇಶವನ್ನು ಸರ್ಕಾರಿ ವಕೀಲರಿಗೆ ಓದಿಸಿ ಲಿಖಿತ ಅಭಿಪ್ರಾಯ ಪಡೆಯಿರಿ. ಸೇರದಿದ್ದರೆ ವರ್ಗಾವಣೆ ನಮೂದು ಮಾಡಿಸಿ. ಸೇರಿದರೆ ಠೇವಣಿಯಲ್ಲಿದೆ ಎಂದು ಹಾಗೆಯೇ ಬರೆಯಿರಿ. ‘ವಸೂಲಾಗಿದೆ’ ಎಂದು ಬರೆದು ಸಭೆಯಲ್ಲಿ ಸಿಕ್ಕಿಬಿದ್ದರೆ ಮುಂದಿನ ಉತ್ತರಗಳನ್ನೂ ಯಾರೂ ನಂಬುವುದಿಲ್ಲ.

ಸುಮತಿ, ಸೋಮವಾರಪೇಟೆ: ನಮ್ಮ ಗ್ರಾಮ ಪಂಚಾಯಿತಿಯಲ್ಲೂ ಬೀದಿದೀಪದ ಖರೀದಿಗೆ ಆಡಿಟ್ ಪ್ಯಾರಾ ಇದೆ. ಇದನ್ನೂ ಬೆಂಗಳೂರಿಗೆ ಕಳಿಸಬೇಕಾ?

ಹಮೀದ್: ಇಲ್ಲ ಅಕ್ಕ. ಅದು ರಾಜ್ಯ ಲೆಕ್ಕಪರಿಶೋಧನಾ ಇಲಾಖೆಯ ವರದಿಯದಾದರೆ ದಾರಿ ಬೇರೆ. ತಾಲ್ಲೂಕು ಪಂಚಾಯಿತಿ ಮೂಲಕ ಅನುಪಾಲನೆ ಕೊಡಿ. ಪ್ರತ್ಯೇಕ ಪೋಸ್ಟ್ ಹಾಕಿದರೆ ಅಲ್ಲೇ ಮಾತಾಡೋಣ.

ಬೋಪಣ್ಣ: ಹಾಗಾದರೆ ಕೋರ್ಟಿನಲ್ಲಿರುವ 7.20 ಬಿಟ್ಟು ಉಳಿದದ್ದನ್ನು ಸಮಿತಿ ಮುಗಿಸುತ್ತದಲ್ಲ?

ಹಮೀದ್: ಖಾತ್ರಿ ಹೇಳಲಾಗದು ಸರ್. ಅಂತಿಮ ತೀರ್ಪು ವರದಿ ಮಾಡಿ ಎಂದು ಪೂರ್ತಿ ಬಾಕಿ ಇಡಬಹುದು. ಹಣ ಪೂರ್ತಿ ಬಂದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ತಪ್ಪು ದರಕ್ಕೆ ಅಳತೆ ಬರೆದವರು, ಪರಿಶೀಲಿಸಿದವರು ಯಾರು, ಕ್ರಮವೇನು? ಹೆಚ್ಚಿನ ಪ್ಯಾರಾಗಳು ಮುಗಿಯದೆ ನಿಂತುಬಿಡುವುದು ಇಲ್ಲೇ. ನಿವೃತ್ತರ ಮೇಲೆ ಕೆಸಿಎಸ್‌ಆರ್ ನಿಯಮ 214ರ ಪ್ರಕಾರ, ಸೇವೆಯಲ್ಲಿದ್ದಾಗ ವಿಚಾರಣೆ ಶುರುವಾಗಿರದಿದ್ದರೆ, ಆರಂಭಿಸುವ ದಿನಕ್ಕೆ ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಗೆ ಇಲಾಖಾ ವಿಚಾರಣೆ ಹೂಡಲಾಗದು. ನಿಮ್ಮ ಬಿಲ್ 2019ರ ಮಾರ್ಚ್‌ನದು, ಅಂದರೆ 2023ರ ಮಾರ್ಚ್‌ಗೇ ಆ ಅವಕಾಶ ಮುಗಿದಿದೆ. ಸಮಿತಿ ‘ಹೊಣೆ ನಿಗದಿ ಮಾಡಿ’ ಎಂದು ಶಿಫಾರಸು ಮಾಡುವಷ್ಟರಲ್ಲಿ ಕೈ ಕಟ್ಟಿರುತ್ತದೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ತಪಾಸಣಾ ವರದಿ ಬಂದಾಗಲೇ ನೋಟಿಸ್ ಹೊರಡಬೇಕಿತ್ತು.

ಲೀಲಾವತಿ: ಅಳತೆ ಬರೆದವರು 2021ರಲ್ಲೇ ನಿವೃತ್ತರು. ಪರಿಶೀಲಿಸಿದವರು ಇನ್ನೂ ಸೇವೆಯಲ್ಲಿದ್ದಾರೆ.

ಹಮೀದ್: ಹಾಗಾದರೆ ಟಿಪ್ಪಣಿಯಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿರಿ. ಒಬ್ಬರದಕ್ಕೆ ನಿವೃತ್ತಿಯ ದಿನಾಂಕ ಮತ್ತು ನಿಯಮ, ಇನ್ನೊಬ್ಬರದಕ್ಕೆ ನೋಟಿಸ್ ಸಂಖ್ಯೆ, ದಿನಾಂಕ, ಉತ್ತರ. ನೋಟಿಸ್ ಇನ್ನೂ ಹೊರಡದಿದ್ದರೆ ಮೊದಲು ಆ ಕೆಲಸ. ಸಮಿತಿ ಶಿಫಾರಸು ಸದನಕ್ಕೆ ಮಂಡಿಸಿದ ಮೇಲೂ, ಅದರ ಮೇಲಿನ ಕ್ರಮದ ಉತ್ತರ ತೃಪ್ತಿಕರವಲ್ಲವೆಂದರೆ ಮತ್ತೆ ಕೇಳುತ್ತದೆ. ಸಮಿತಿ ಬದಲಾದರೂ ಬಾಕಿ ಮುಂದಿನವರಿಗೆ ಹೋಗುತ್ತದೆ.

ಬೋಪಣ್ಣ: ಕೋರ್ಟಿನಲ್ಲಿರುವ ಭಾಗವನ್ನು ಸಮಿತಿ ಬೇರ್ಪಡಿಸಿ ಮುಗಿಸಿದ ಪ್ಯಾರಾ ಯಾರಾದರೂ ನೋಡಿದ್ದರೆ ಇಲ್ಲಿ ಹಾಕಿ. ನಾನಿನ್ನೂ ಪೂರ್ತಿ ಒಪ್ಪಿಲ್ಲ.