ಪಿಎಫ್ ಪಾಸ್‌ಬುಕ್‌ನಲ್ಲಿ ಕಂಪನಿ ಪಾಲು ಯಾಕೆ ಕಮ್ಮಿ?

"ನನ್ನ ಬೇಸಿಕ್ 20,000. ಸಂಬಳದಲ್ಲಿ 2,400 ಪಿಎಫ್‌ಗೆ ಹಿಡೀತಾರೆ. ಕಂಪನಿ ಪಾಲು ಅಂತ ಬರೀ 1,150 ತೋರಿಸ್ತಿದೆ. ಅದೇ ಬೇಸಿಕ್ ಇರೋ ಪಕ್ಕದ ಸೀಟಿನವನಿಗೆ ಪೂರ್ತಿ 2,400 ಇದೆ. ಮೋಸನಾ? ಬಡ್ಡಿನೂ ಬಂದಿಲ್ಲ. 3 ವರ್ಷ ಆಯ್ತು, ಕೆಲಸ ಬಿಡ್ತಿದ್ದೀನಿ, ಪೂರ್ತಿ ತೆಗೀಬಹುದಾ?"

ಹುಬ್ಬಳ್ಳಿಯಿಂದ:
ಮೋಸ ಅಲ್ಲ. ಕಂಪನಿಯ 12%ರಲ್ಲಿ 8.33% ಪೆನ್ಷನ್‌ಗೆ ಹೋಗುತ್ತದೆ, ಪಿಎಫ್‌ಗೆ ಉಳಿಯುವುದು 3.67% ಮಾತ್ರ. ಲೆಕ್ಕಕ್ಕೆ 734 ಬರಬೇಕಿತ್ತು, ನಿಮಗೆ ಜಾಸ್ತಿನೇ ಬಂದಿದೆ.

ಪೀಣ್ಯದಿಂದ, 14 ವರ್ಷದಿಂದ ಸಂಬಳದ ಲೆಕ್ಕ ನೋಡುತ್ತಿದ್ದೇನೆ:
734 ಅಲ್ಲ ಸರ್. ಪೆನ್ಷನ್ ಲೆಕ್ಕಕ್ಕೆ ಸಂಬಳ 15,000ಕ್ಕೇ ನಿಲ್ಲುತ್ತದೆ, ಹಾಗಾಗಿ ಅದಕ್ಕೆ ಹೋಗುವುದು ಹೆಚ್ಚೆಂದರೆ 1,250. ಪಾಸ್‌ಬುಕ್‌ನ ಮೂರನೇ ಕಾಲಂ ನೋಡಿ, ಅಲ್ಲೇ ಇರುತ್ತದೆ. 1,150ಕ್ಕೆ 1,250 ಸೇರಿಸಿದರೆ 2,400 ಸರಿಯಾಯ್ತು ಅಲ್ವಾ? ನೀವು ಸೇರಿದಾಗ ಬೇಸಿಕ್ 15,000ದ ಒಳಗಿತ್ತು ಅನಿಸುತ್ತದೆ. ಪಕ್ಕದವರು ಮೊದಲ ಸಲ ಪಿಎಫ್‌ಗೆ ಸೇರಿದಾಗಲೇ ಅದಕ್ಕಿಂತ ಜಾಸ್ತಿ ಇದ್ದಿರಬೇಕು. 2014ರ ಸೆಪ್ಟೆಂಬರ್ ನಂತರ ಹಾಗೆ ಸೇರಿದವರಿಗೆ ಪೆನ್ಷನ್ ಇಲ್ಲ, ಕಂಪನಿ ಪಾಲು ಪೂರ್ತಿ ಪಿಎಫ್‌ಗೇ ಬರುತ್ತದೆ.

ಬಡ್ಡಿಗೆ ಹೆದರಬೇಡಿ. ಪ್ರತಿ ತಿಂಗಳ ಬಾಕಿಯ ಮೇಲೆ ಲೆಕ್ಕ ಹಾಕಿ, ವರ್ಷ ಮುಗಿದ ಮೇಲೆ ಒಂದೇ ಸಲ ಹಾಕುತ್ತಾರೆ. 2024-25ಕ್ಕೆ ದರ 8.25%. ತಡವಾಗಿ ಹಾಕಿದರೂ ಮಾರ್ಚ್ 31ರವರೆಗಿನ ಲೆಕ್ಕದಲ್ಲೇ ಸೇರಿರುತ್ತದೆ. ಪೆನ್ಷನ್ ಕಾಲಂಗೆ ಮಾತ್ರ ಬಡ್ಡಿ ಸೇರುವುದಿಲ್ಲ.

ತುಮಕೂರಿನಿಂದ:
ಪಾಲು ಕಮ್ಮಿ ಇರೋದಕ್ಕಿಂತ ತಿಂಗಳೇ ಕಾಣೆಯಾಗಿದೆಯಾ ನೋಡ್ಕೊಳ್ಳಿ. ನನ್ನ ಹಳೇ ಕಂಪನಿ ಸಂಬಳದ ಚೀಟಿಯಲ್ಲಿ ಹಿಡಿದದ್ದು ತೋರಿಸಿ, ನಾಲ್ಕು ತಿಂಗಳು ಕಟ್ಟಿರಲೇ ಇಲ್ಲ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಚೀಟಿ, ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದಾಗಲೇ ನನಗೆ ಗೊತ್ತಾಗಿದ್ದು. EPFiGMSನಲ್ಲಿ ದೂರು ಕೊಟ್ಟ ಮೇಲೆ ಕಟ್ಟಿದರು.

ಮಂಗಳೂರಿನಿಂದ:
ನಾನು 3 ವರ್ಷಕ್ಕೇ ತೆಗೆದೆ, 10% ತೆರಿಗೆ ಹಿಡಿದರು. 1,20,000ದಲ್ಲಿ 12,000 ಹೋಯ್ತು. ಇನ್ನೊಂದು ಕೆಲಸ ಸಿಗೋ ಹಾಗಿದ್ದರೆ ದಯವಿಟ್ಟು ತೆಗೀಬೇಡಿ, ಹೊಸ ಕಂಪನಿ ಖಾತೆಗೆ ವರ್ಗಾಯಿಸಿ.

ಪೀಣ್ಯದಿಂದ:
ಹೌದು, ವರ್ಗಾಯಿಸಿದರೆ ಹಳೇ 3 ವರ್ಷವೂ ಸೇರಿ 5 ವರ್ಷದ ಲೆಕ್ಕಕ್ಕೆ ಬರುತ್ತದೆ, ಆಮೇಲೆ ತೆಗೆದರೆ ಆ ತೆರಿಗೆ ಇಲ್ಲ. ತೆಗೆಯಲೇಬೇಕು ಅಂದರೆ ಪಿಎಫ್‌ಗೆ ಫಾರ್ಮ್ 19, ಪೆನ್ಷನ್‌ಗೆ ಫಾರ್ಮ್ 10ಸಿ ಬೇರೆ ಬೇರೆ ಹಾಕಬೇಕು. ತುಂಬಾ ಜನ ಎರಡನೆಯದನ್ನು ಮರೆತು ಆ ದುಡ್ಡು ಅಲ್ಲೇ ಬಿಟ್ಟಿರುತ್ತಾರೆ.

ಹುಬ್ಬಳ್ಳಿಯಿಂದ:
1,250ರ ಲೆಕ್ಕ ನನಗೆ ಗೊತ್ತಿರಲಿಲ್ಲ, ಥ್ಯಾಂಕ್ಸ್. ಕೆಲಸ ಬಿಟ್ಟು 2 ತಿಂಗಳು ಕಾದರೆ ಪೂರ್ತಿ ಸಿಗ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಮಂಡಳಿ ಅದನ್ನು 12 ತಿಂಗಳು ಮಾಡೋಕೆ ತೀರ್ಮಾನಿಸಿತು, 75% ಮೊದಲೇ ತೆಗೀಬಹುದು ಅಂತಾನೂ ಹೇಳಿತು. ಇತ್ತೀಚೆಗೆ ಅರ್ಜಿ ಹಾಕಿದವರು ಯಾರಾದರೂ ಇದ್ದೀರಾ, ಯಾವ ಲೆಕ್ಕದಲ್ಲಿ ಕೊಟ್ಟರು?