ಅಪ್‌ಡೇಟ್: ಕಚ್ಚಿದಾಗ ಮಾತ್ರ ನೋಯುತ್ತಿದ್ದ ದವಡೆ ಹಲ್ಲು

ನಾನು ಕೇಳಿದ್ದು: "ಚಕ್ಕುಲಿ, ಕಡಲೆಕಾಯಿ ತಿನ್ನುವಾಗ ಕೆಳದವಡೆಯ ಹಲ್ಲಲ್ಲಿ ಚುಳ್ ಅಂತ ನೋವು. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಏನಿರಬಹುದು?"

ಹಲ್ಲು ಬಿರುಕು ಬಿಟ್ಟಿತ್ತು. ಸೆನ್ಸಿಟಿವಿಟಿ ಪೇಸ್ಟ್, ಲವಂಗದ ಎಣ್ಣೆ ಯಾವುದರಿಂದಲೂ ಪ್ರಯೋಜನ ಆಗಲಿಲ್ಲ. ಕೆಲಸಕ್ಕೆ ಬಂದಿದ್ದು "ನೋವು ಕಚ್ಚುವಾಗಲಾ, ಕಚ್ಚಿ ಬಿಡುವಾಗಲಾ ನೋಡಿ" ಅಂದವರ ಸಲಹೆ. ನನಗೆ ಬಿಡುವಾಗಲೇ ಜಾಸ್ತಿ. ಅದನ್ನು ಹೇಳಿದ ಕೂಡಲೇ ಡಾಕ್ಟರ್ ಪುಟ್ಟ ಪ್ಲಾಸ್ಟಿಕ್ ತುಂಡೊಂದನ್ನು ಹಲ್ಲಿನ ಒಂದೊಂದೇ ಮೊನೆಯ ಮೇಲಿಟ್ಟು ಕಚ್ಚಿಸಿ, ಬಿಡಿಸಿ ನೋಡಿದರು. ಒಂದೇ ಮೊನೆಯಲ್ಲಿ ಅದೇ ನೋವು ಬಂತು! ಹಳೇ ಫಿಲ್ಲಿಂಗ್ ತೆಗೆದು ಪಕ್ಕದಿಂದ ಬೆಳಕು ಬಿಟ್ಟಾಗ, ಬೆಳಕು ಬಿರುಕಿನ ಹತ್ತಿರ ತಡೆದು ಆಚೆ ಭಾಗ ಕಪ್ಪಾಗಿ ಕಂಡಿತು.

ಎಕ್ಸ್‌ರೇಯಲ್ಲಿ ಯಾಕೆ ಕಾಣಲಿಲ್ಲ ಅಂದ್ರೆ, ಇಂಥ ಬಿರುಕು ಸಾಮಾನ್ಯವಾಗಿ ಹಲ್ಲಿನ ಮುಂಬದಿಯಿಂದ ಹಿಂಬದಿಗೆ ಹೋಗುತ್ತದೆ, ಕಿರಣ ಬರುವುದು ಕೆನ್ನೆ ಕಡೆಯಿಂದ, ಹಾಗಾಗಿ ಸೀಳು ಕಿರಣಕ್ಕೆ ಅಡ್ಡಲಾಗಿ ಬಿದ್ದು ಗೆರೆಯೇ ಮೂಡುವುದಿಲ್ಲ. ಇದು ನನಗೆ ನಿಜಕ್ಕೂ ಆಶ್ಚರ್ಯ.

ತಣ್ಣಗಿನದು ತಾಗಿಸಿದಾಗ ಬಂದ ನೋವು ಅದನ್ನು ತೆಗೆದ ತಕ್ಷಣ ಹೋಯಿತು, ಅಂದರೆ ಒಳಗಿನ ನರ ಚೆನ್ನಾಗಿದೆ. ಅದಕ್ಕೇ ರೂಟ್ ಕೆನಾಲ್ ಮಾಡದೆ ಸದ್ಯಕ್ಕೆ ತಾತ್ಕಾಲಿಕ ಕ್ಯಾಪ್ ಹಾಕಿದ್ದಾರೆ. ಈಗ ಕಚ್ಚಿದರೆ ನೋವಿಲ್ಲ. ಹೀಗೇ ಇದ್ದರೆ ಕಾಯಂ ಕ್ಯಾಪ್, ನೋವು ಮರಳಿದರೆ ರೂಟ್ ಕೆನಾಲ್ ಬೇಕಾಗಬಹುದು ಅಂದಿದ್ದಾರೆ.